ಕಲ್ಲುಗೋಡೆಯ ಆಚೆಗಿನ ರೂಮು

ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ದಿನ ಅತ್ತೆ ಹಸಿರು ಸೀರೆ ಉಟ್ಟಿದ್ದರು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಅವರಲ್ಲಿರುವ ಒಂದೇ ಒಂದು ಹಸಿರು ಸೀರೆ ನನ್ನ ತಂಗಿಯ ಮದುವೆಯಲ್ಲಿ ಕೊಟ್ಟದ್ದು, ಅದು ಆಮೇಲಿನ ಮಾತು. ನನ್ನ ಮೀಟಿಂಗಿನಲ್ಲಿ ಮೈಕ್ ತೆರೆದಿತ್ತೋ ಇಲ್ಲವೋ, ಅದೂ ಖಚಿತವಿಲ್ಲ. ತೆರೆದಿರಲಿಲ್ಲ ಎಂದು ಅಂದುಕೊಳ್ಳುವುದು ನನಗೆ ಅನುಕೂಲ. ಅದಕ್ಕೇ ಅದನ್ನು ನಂಬುವುದಿಲ್ಲ. ನಾನು ಆಡಿದ ಮಾತು ಮಾತ್ರ ಸರಿಯಾಗಿ ನೆನಪಿದೆ.

ನಮ್ಮ ಮನೆ ಅಮೃತಹಳ್ಳಿಯ ಹಳೇ ಊರಿನ ಭಾಗದಲ್ಲಿದೆ. ಮಾವನವರ ತಂದೆ ಕಟ್ಟಿಸಿದ್ದು ಸೈಜುಗಲ್ಲಿನ ಸಣ್ಣ ಮನೆ. ಆಮೇಲೆ ಅಂಗಳದ ಜಾಗದಲ್ಲಿ ಹಾಲ್, ಊಟದ ಜಾಗ, ಅಡುಗೆಮನೆ, ನಮ್ಮ ಕೋಣೆ ಎಲ್ಲ ಸೇರಿಸಿ ಕಟ್ಟಿದರು, ಹಳೆಯದನ್ನು ಒಡೆಯಲಿಲ್ಲ. ಹಾಗಾಗಿ ಒಂದು ಕಾಲಕ್ಕೆ ಬೀದಿಗೆ ಮುಖ ಮಾಡಿ ನಿಂತಿದ್ದ ಕಲ್ಲುಗೋಡೆ ಈಗ ಮನೆಯ ನಟ್ಟನಡುವೆ ಇದೆ. ಆಗಿನ ತಲೆಬಾಗಿಲು ಈಗ ಅತ್ತೆಯ ರೂಮಿನ ಬಾಗಿಲು. ಅತ್ತೆ ಇವತ್ತಿಗೂ ಬೆಳಿಗ್ಗೆ ಆ ಒಳಗಿನ ಹೊಸ್ತಿಲಿಗೇ ಮೊದಲು ಅರಿಶಿನ ಕುಂಕುಮ ಇಡುತ್ತಾರೆ, ಬೀದಿ ಬಾಗಿಲಿನದಕ್ಕೆ ಆಮೇಲೆ. ಮದುವೆಯಾದ ಹೊಸದರಲ್ಲಿ ಇದು ನನಗೆ ತಮಾಷೆಯಾಗಿ ಕಂಡಿತ್ತು.

ನಾನು ಮನೆಯಿಂದಲೇ ಕೆಲಸ ಮಾಡಲು ಶುರು ಮಾಡಿದಾಗ ಇಂಟರ್ನೆಟ್ ಹಾಕಿಸಿದೆವು. ತಂತಿ ಎಳೆಯಲು ಬಂದವರು "ಎಲ್ಲಿಡೋಣ ಮೇಡಂ?" ಎಂದು ಕೇಳಿದರು. ನಾನು ಹಾಲಿನ ಬೀದಿಬದಿಯ ಮೂಲೆ ತೋರಿಸಿದೆ, ನನ್ನ ಮೇಜಿನ ಪಕ್ಕ. ಮಿಣಮಿಣ ಎನ್ನುವ ಆ ಕರೀ ರೂಟರ್ ಡಬ್ಬಿ ಕಣ್ಣಿಗೆ ಬೀಳಬಾರದೆಂದು ಶೋಕೇಸಿನೊಳಗೆ, ಗೊಂಬೆಗಳ ಹಿಂದೆ ಕನ್ನಡಿ ಕೂರಿಸಿರುವ ಖಾನೆಯ ಆಚೆ ಬದಿ, ಸೇರಿಸಿಬಿಟ್ಟೆ. ನನ್ನ ಮೀಟಿಂಗುಗಳು ಚೆನ್ನಾಗಿ ನಡೆದವು. ಅತ್ತೆಯ ರೂಮಿನಲ್ಲಿ ಹೇಗಿದೆ ಎಂದು ನಾನು ನೋಡಲಿಲ್ಲ. ಅಲ್ಲಿ ಅದರ ಅಗತ್ಯ ಯಾರಿಗಿದೆ ಎಂದುಕೊಂಡಿರಬೇಕು.

ಅಗತ್ಯ ಬಂದದ್ದು ಅತ್ತೆಗೆ ಕೆಮ್ಮಿದರೆ, ನಕ್ಕರೆ, ಬಕೆಟ್ ಎತ್ತಿದರೆ ಮೂತ್ರ ಹನಿಯುವ ತೊಂದರೆ ಹೆಚ್ಚಿದಾಗ. ಎಷ್ಟು ವರ್ಷದಿಂದ ಇತ್ತೋ, ಯಾರಿಗೂ ಹೇಳಿರಲಿಲ್ಲ. ಮದುವೆ ಮನೆಗಳಿಗೆ ಹೋಗುವುದನ್ನು ನಿಲ್ಲಿಸಿದ್ದರು, ಮಂಡಿನೋವು ಎನ್ನುತ್ತಿದ್ದರು. ಕೊನೆಗೆ ನನ್ನ ಹತ್ತಿರವೇ ಪಿಸುಗುಟ್ಟಿದರು. ಹೆಬ್ಬಾಳದ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ಮೂತ್ರ ಹಿಡಿದಿಡುವ ಸ್ನಾಯುಗಳಿಗೆ ವ್ಯಾಯಾಮ ಕಲಿಸಿದರೆ ಬಹಳಷ್ಟು ಹತೋಟಿಗೆ ಬರುತ್ತದೆ, ವಾರಕ್ಕೊಮ್ಮೆ ವಿಡಿಯೊ ಕಾಲಿನಲ್ಲೇ ಹೇಳಿಕೊಡುತ್ತೇವೆ, ಬಿಡಬಾರದು ಎಂದರು. ಅತ್ತೆಯ ಮುಖ ಅರಳಿತು. ಬಸ್ಸಿನಲ್ಲಿ ಕೂರುವ ಭಯ ತಪ್ಪಿತಲ್ಲ.

ಮೊದಲ ಸಲ ಅತ್ತೆ ತಮ್ಮ ಫೋನು ಹಿಡಿದುಕೊಂಡು ಹಾಲಿಗೆ ಬಂದು ಶೋಕೇಸಿನ ಪಕ್ಕ ಕೂತರು. ಸೆರಗಿನಿಂದ ಬಾಯಿ ಮರೆಮಾಡಿ ಮಾತಾಡುತ್ತಿದ್ದರು. ನಾನು ಹೆಡ್‌ಫೋನ್ ಹಾಕಿಕೊಂಡು ನನ್ನ ಮೀಟಿಂಗಿನಲ್ಲಿದ್ದೆ.

"ಸೀರೆ ಒದ್ದೆ ಆಗ್ಬುಡ್ತದೆ ಕಣವ್ವ," ಎನ್ನುವುದು ಹೆಡ್‌ಫೋನಿನ ಆಚೆಯಿಂದಲೂ ಕೇಳಿಸಿತು. "ನೆಗಾಡಿದ್ರೂ ಅಷ್ಟೆ. ಅದ್ಕೇ ನೆಗಾಡೋದೇ ಬುಟ್ಟಿವ್ನಿ."

ನನ್ನ ಪರದೆಯಲ್ಲಿ ಒಬ್ಬರು, ನಿಮ್ಮ ಕಡೆ ಯಾರೋ ಮಾತಾಡುತ್ತಿರುವ ಹಾಗಿದೆ ಎಂದರು. ಅಥವಾ ಹಾಗೆ ಅನ್ನಬಹುದೆಂದು ನಾನೇ ಹೆದರಿದೆ. ಹೆಡ್‌ಫೋನ್ ಕೆಳಗಿಳಿಸಿ ಹೇಳಿದೆ:

"ಅತ್ತೆ, ಸ್ವಲ್ಪ ನಿಮ್ಮ ರೂಮಿಗೆ ಹೋಗಿ ಮಾತಾಡ್ತೀರಾ? ಇಲ್ಲಿ ಎಲ್ಲಾ ಕೇಳಿಸ್ತಿದೆ."

ಎಲ್ಲಾ ಎಂಬ ಪದವನ್ನು ನಾನು ಸುಮ್ಮನೆ ಸೇರಿಸಿದ್ದು. ಅತ್ತೆ ತಕ್ಷಣ ಎದ್ದರು. ಫೋನನ್ನು ಎದೆಗೆ ಒತ್ತಿಕೊಂಡು, ಯಾರೋ ನೋಡಬಾರದ್ದನ್ನು ನೋಡಿಬಿಟ್ಟ ಹಾಗೆ ಒಳಗೆ ಹೋದರು. ಹಳೆಯ ಹೊಸ್ತಿಲು ದಾಟಿ ಬಾಗಿಲು ಹಾಕಿಕೊಂಡದ್ದು ಕೇಳಿಸಿತು. ನನಗೆ ನಿರಾಳವಾಯಿತು.

ಸಂಜೆ ಕೇಳಿದರೆ, "ಆಯ್ತು, ಏಳ್ಕೊಟ್ರು," ಎಂದರು. ಮುಂದಿನ ವಾರದ್ದನ್ನು ಮುಂದೂಡಿದರು. ಅದರ ಮುಂದಿನದಕ್ಕೆ ತಲೆನೋವು. ಆಸ್ಪತ್ರೆಯಿಂದ ನನಗೆ ಫೋನ್ ಬಂತು: ಪೇಷೆಂಟ್ ಮೊದಲ ಸಲವೇ ಮಧ್ಯದಲ್ಲಿ ಕಟ್ ಆದರು, ಮತ್ತೆ ಸಿಗಲಿಲ್ಲ, ವ್ಯಾಯಾಮ ಇನ್ನೂ ಹೇಳಿಕೊಟ್ಟೇ ಇಲ್ಲ.

ಗಂಡನಿಗೆ ಹೇಳಿದೆ. ಅವನು ಆ ರೂಮಿಗೆ ಹೋಗಿ ಫೋನ್ ಎತ್ತಿ ಹಿಡಿದು ನೋಡಿದ. ಸಿಮ್ಮಿನ ಸಿಗ್ನಲ್ಲೂ ಇಲ್ಲ, ಸುತ್ತ ಮೂರು ಕಡೆಯೂ ಬಾಡಿಗೆ ಮನೆಗಳ ಕಟ್ಟಡ. ವೈಫೈ ಒಂದು ಕಡ್ಡಿ, ಅದೂ ಬಂದು ಹೋಗುತ್ತಿತ್ತು.

"ಸ್ಪೀಡ್ ಸಾಲ್ತಿಲ್ಲ ಕಣೆ. ದೊಡ್ಡ ಪ್ಲಾನ್ ಹಾಕ್ಸೋಣ," ಎಂದ.

ಹಾಕಿಸಿದೆವು. ಹಾಲಿನಲ್ಲಿ ವೇಗ ದುಪ್ಪಟ್ಟಾಯಿತು, ರೂಮಿನಲ್ಲಿ ಅದೇ ಒಂದು ಕಡ್ಡಿ. ಮನೆಯೊಳಗೆ ಎಷ್ಟು ಬರುತ್ತದೆ ಎಂಬುದಕ್ಕೂ, ಬಂದದ್ದು ಗೋಡೆ ದಾಟಿ ಎಷ್ಟು ತಲುಪುತ್ತದೆ ಎಂಬುದಕ್ಕೂ ಸಂಬಂಧವಿಲ್ಲ ಎಂಬುದು ಆಗ ನಮಗೆ ಹೊಳೆದಿರಲಿಲ್ಲ. ಆಮೇಲೆ ಅವನು ಎಕ್ಸ್‌ಟೆಂಡರ್ ತಂದ. ಪ್ಲಗ್ಗಿಗೆ ಸಿಕ್ಕಿಸುವ ಬಿಳೀ ಡಬ್ಬಿ; ರೂಟರಿನಿಂದ ಸಿಗ್ನಲ್ ಹಿಡಿದು ಮುಂದಕ್ಕೆ ಹರಡುತ್ತದೆ. ಎಲ್ಲಿ ಸಿಗ್ನಲ್ ಇಲ್ಲವೋ ಅಲ್ಲಿಗೇ ತಾನೇ ಅದು ಬೇಕಾದದ್ದು ಎಂದು ಅತ್ತೆಯ ಮಂಚದ ತಲೆದೆಸೆಯ ಪ್ಲಗ್ಗಿಗೆ ಸಿಕ್ಕಿಸಿದೆವು. ಅತ್ತೆಯ ಫೋನಿನಲ್ಲಿ ಕಡ್ಡಿಗಳೆಲ್ಲ ತುಂಬಿ ನಿಂತವು.

"ನೋಡಮ್ಮ, ಫುಲ್ಲು! ಇನ್ನು ಮಹಾರಾಣಿ ಥರ ಮಲ್ಕೊಂಡೇ ಮಾತಾಡು," ಎಂದ ಗಂಡ.

"ಆಯ್ತು ಬುಡಪ್ಪ, ನಿನ್ ಪಟ್ಟಾಭಿಷೇಕ," ಎಂದು ಅತ್ತೆ ನಗಲು ಹೋಗಿ, ತುಟಿ ಬಿಗಿಹಿಡಿದು ನಿಲ್ಲಿಸಿಕೊಂಡರು. ಅದನ್ನು ನಾನು ನೋಡಿದೆ.

ಆದರೂ ಪಾಠ ಮುಂದುವರಿಯಲಿಲ್ಲ. "ಬರಕ್ಕಿಲ್ಲ ಕಣವ್ವ," ಎಂದರು ಒಂದು ಸಲ. ಕಡ್ಡಿ ತುಂಬಿರುವಾಗ ಬರುವುದಿಲ್ಲವೆಂದರೆ? ಅವರಿಗೇ ಮನಸ್ಸಿಲ್ಲ, ನಾಚಿಕೆ, ಅದಕ್ಕೊಂದು ನೆಪ ಎಂದು ನಾನು ತೀರ್ಮಾನಿಸಿದೆ. ಗಂಡನಿಗೂ ಹಾಗೇ ಹೇಳಿದೆ. ಅಡುಗೆಮನೆಯಲ್ಲಿ ಹೇಳಿದೆ. ಅಡುಗೆಮನೆಯ ಮಾತು ಎಲ್ಲಿಯವರೆಗೆ ಕೇಳಿಸುತ್ತದೆ ಎಂದು ಈಗ ಯೋಚಿಸುತ್ತೇನೆ.

ಆಮೇಲೆ ಹಾಲಿಗೆ ಬಣ್ಣ ಹೊಡೆಸುವ ಕೆಲಸ ಬಂತು. ಹಾಲಿನ ಸಾಮಾನೆಲ್ಲ ನಮ್ಮ ಕೋಣೆ ತುಂಬಿತು. ಮೇಜಿಗೆ ಬೇರೆ ಜಾಗವಿಲ್ಲದೆ ಅತ್ತೆಯ ರೂಮಿಗೆ ಹೋಗಿ ಕೂತೆ. ಲ್ಯಾಪ್‌ಟಾಪಿನಲ್ಲಿ ಕಡ್ಡಿಗಳೆಲ್ಲ ತುಂಬಿದ್ದವು. ಮೀಟಿಂಗ್ ಶುರುವಾಯಿತು. ಎದುರಿನವರ ಮುಖ ಬಾಯಿ ತೆರೆದ ಹಾಗೇ ನಿಂತಿತು. ಮಾತು ತುಂಡುತುಂಡಾಗಿ ಬಂದು ನಿಂತುಹೋಯಿತು. ನಾನು "ಹಲೋ, ಕೇಳಿಸ್ತಿದ್ಯಾ?" ಎಂದು ಕೂಗುತ್ತಾ ಕಿಟಕಿಗೆ ಹೋದೆ, ಬಾಗಿಲಿಗೆ ಬಂದೆ. ಅತ್ತೆ ಬಾಗಿಲ ಆಚೆ, ಊಟದ ಜಾಗದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ.



ಆ ದಿನ ಎಕ್ಸ್‌ಟೆಂಡರಿನ ಜೊತೆ ಬಂದಿದ್ದ ಚೀಟಿ ಓದಿದೆ, ಇಂಟರ್ನೆಟ್ಟಿನಲ್ಲಿ ಹುಡುಕಿದೆ, ಫೋನ್ ಹಿಡಿದು ಮನೆಯಲ್ಲೆಲ್ಲ ಓಡಾಡಿದೆ. ನಾವು ನೋಡಿ ಮೆರೆದ ಕಡ್ಡಿಗಳು ಫೋನಿಗೂ ಎಕ್ಸ್‌ಟೆಂಡರಿಗೂ ನಡುವಿನವು. ಅವೆರಡೂ ಪಕ್ಕಪಕ್ಕದಲ್ಲಿದ್ದರೆ ತುಂಬಿರಲೇಬೇಕು. ಎಕ್ಸ್‌ಟೆಂಡರಿಗೂ ರೂಟರಿಗೂ ನಡುವೆ ಏನಿದೆ ಎಂಬುದನ್ನು ಅವು ಹೇಳುವುದಿಲ್ಲ. ಅಲ್ಲಿದ್ದದ್ದು ಕಲ್ಲುಗೋಡೆ. ಗೋಡೆಗೆ ಆನಿಸಿ ಅತ್ತೆಯ ಕಬ್ಬಿಣದ ಬೀರು. ಬೀದಿಬದಿಯಲ್ಲಿ ಶೋಕೇಸಿನ ಕನ್ನಡಿ. ಅದರ ಬೆನ್ನಿನ ಲೋಹದ ಲೇಪ ಸಿಗ್ನಲ್ಲನ್ನು ಹಿಂದಕ್ಕೆ ತಳ್ಳುತ್ತದೆ. ಕಲ್ಲು ನುಂಗುತ್ತದೆ, ಕಬ್ಬಿಣ ತಡೆಯುತ್ತದೆ. ರೂಟರು ಎಲ್ಲ ದಿಕ್ಕಿಗೂ ಹರಡುವಂಥದ್ದು. ಅದನ್ನು ಬೀದಿಬದಿಯ ಮೂಲೆಗೆ ತಳ್ಳಿದ್ದರಿಂದ ಒಂದು ಪಾಲು ಎದುರುಮನೆಯ ಕಾಂಪೌಂಡಿಗೆ ಹೋಗುತ್ತಿತ್ತು. ಹಿಂದಿನ ರೂಮಿನಲ್ಲಿ ಎಕ್ಸ್‌ಟೆಂಡರಿಗೆ ಸಿಕ್ಕದ್ದೇ ಚೂರುಪಾರು. ತನಗೆ ಸಿಗದ್ದನ್ನು ಅದು ಹಂಚುವುದಾದರೂ ಹೇಗೆ?

ರೂಟರನ್ನು ಶೋಕೇಸಿನಿಂದ ಹೊರಗೆ ತೆಗೆದು, ತಂತಿ ಉದ್ದ ಮಾಡಿಸಿ, ಹಾಲಿಗೂ ಊಟದ ಜಾಗಕ್ಕೂ ನಡುವಿನ ಕಂಬದ ಮೇಲೆ, ತಲೆಗಿಂತ ಎತ್ತರದಲ್ಲಿ ಬಯಲಾಗಿ ಕೂರಿಸಿದೆವು. ಬೀರು ಸರಿಸೋಣವೇ ಎಂದರೆ ಅತ್ತೆ ಒಪ್ಪಲಿಲ್ಲ. "ಅದು ಉತ್ರುಕ್ಕೆ ಮುಕ ಮಾಡ್ಕಂಡದೆ. ನನ್ ಕಾಲ ಆಗೋಗ್ಲಿ, ಆಮ್ಯಾಕೆ ಸರ್ಸ್ಕಳಿ." ಹಾಗಾಗಿ ಗೋಡೆಯನ್ನು ಬಿಟ್ಟು ಬಾಗಿಲನ್ನು ನೆಚ್ಚಿಕೊಂಡೆವು. ಹಳೆಯ ಹೊಸ್ತಿಲಿನ ಎದುರಿಗೆ, ಊಟದ ಜಾಗದಲ್ಲಿ, ಮಿಕ್ಸಿ ಹಾಕುತ್ತಿದ್ದ ಒಂದು ಪ್ಲಗ್ ಇದೆ. ಅಲ್ಲಿ ರೂಟರಿನ ಸಿಗ್ನಲ್ ಇನ್ನೂ ಗಟ್ಟಿಯಾಗಿತ್ತು, ಅಲ್ಲಿಂದ ನೇರಕ್ಕೆ ಅತ್ತೆಯ ಮಂಚ ಕಾಣುತ್ತಿತ್ತು. ಮಿಕ್ಸಿಯನ್ನು ಅಡುಗೆಮನೆಗೆ ಸಾಗಿಸಿ ಎಕ್ಸ್‌ಟೆಂಡರನ್ನು ಅಲ್ಲಿಗೆ ಸಿಕ್ಕಿಸಿದೆ. ಹಿಡಿದದ್ದನ್ನು ಮತ್ತೆ ಹರಡುವಾಗ ವೇಗ ಅರ್ಧದಷ್ಟು ಇಳಿಯಿತು, ಆದರೆ ವಿಡಿಯೊ ಕಾಲಿಗೆ ಅದು ಧಾರಾಳ. ಮಂಚದ ಮೇಲೆ ಕೂತು ಗಂಡನಿಗೆ ವಿಡಿಯೊ ಕಾಲ್ ಮಾಡಿದೆ. ಬಾಗಿಲು ಮುಚ್ಚಿಯೂ ಮಾಡಿದೆ. ಆ ಮರದ ಬಾಗಿಲಿನಿಂದ ಹೆಚ್ಚೇನೂ ಕಡಿಮೆಯಾಗಲಿಲ್ಲ.

ಬಾಗಿಲು ಮುಚ್ಚಿ ನೋಡಬೇಕೆಂದು ಮೊದಲೇ ತೋಚಬೇಕಿತ್ತು. ಅವರಿಗೆ ಬೇಕಿದ್ದದ್ದು ಇಂಟರ್ನೆಟ್ ಅಲ್ಲ, ಅದು ಇರುವಾಗಲೂ ಮುಚ್ಚಬಹುದಾದ ಒಂದು ಬಾಗಿಲು.

ಆಸ್ಪತ್ರೆಗೆ ನಾನೇ ಫೋನ್ ಮಾಡಿ ಮತ್ತೆ ಸಮಯ ಕೇಳಿದೆ. ಆ ದಿನ ಅತ್ತೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಕಾಲ್ ನಿಂತೀತೇ ಎಂದು ಸ್ವಲ್ಪ ಹೊತ್ತು ಊಟದ ಮೇಜಿನ ಹತ್ತಿರವೇ ನಿಂತಿದ್ದೆ. ನಿಲ್ಲಲಿಲ್ಲ. ಡಾಕ್ಟರಮ್ಮನ ದನಿ ಸಣ್ಣಗೆ ಕೇಳಿಸಿದಾಗ, ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂಬ ಅರಿವಾಗಿ ಬೀದಿ ಬಾಗಿಲಿಗೆ ಹೋಗಿ ನಿಂತೆ.

ಪಾಠ ಈಗ ವಾರವಾರ ನಡೆಯುತ್ತಿದೆ. ಗುಣ ಎಷ್ಟಾಗಿದೆಯೋ ನಾನು ಕೇಳುವುದಿಲ್ಲ. ಹೋದ ವಾರ ಗಂಡನ ಒಂದು ಮಾತಿಗೆ ಅತ್ತೆ ಸೆರಗು ಅಡ್ಡ ಹಿಡಿಯದೆ ನಕ್ಕದ್ದು ನಿಜ, ಅಥವಾ ನಾನು ಹಾಗೆ ನೆನಪಿಟ್ಟುಕೊಳ್ಳಲು ಬಯಸುತ್ತೇನೆ.

ನಿನ್ನೆ ಇಬ್ಬರೂ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕೂತಿದ್ದೆವು. ಹಾಲಿನಿಂದ ಅವರನ್ನು ಎಬ್ಬಿಸಿ ಕಳಿಸಿದ ದಿನ ನನ್ನ ತಲೆಯಿಂದ ಹೋಗುತ್ತಲೇ ಇಲ್ಲ. ಅವರು ಎದ್ದದ್ದು ನನ್ನನ್ನು ನಂಬಿಯೋ, ಅಥವಾ ಎಲ್ಲವೂ ಗೊತ್ತಿದ್ದೋ?

"ಅತ್ತೆ, ಅವತ್ತು ರೂಮಿಗೆ ಹೋಗಿ ಅಂದ್ನಲ್ಲ. ಅಲ್ಲಿ ನೆಟ್ ಬರಲ್ಲ ಅಂತ ನಿಮಗೆ ಮೊದ್ಲೇ ಗೊತ್ತಿತ್ತಾ?"

ಅತ್ತೆ ಕೈಯಲ್ಲಿದ್ದ ಕಡ್ಡಿಯಿಂದ ಎಲೆಗಳನ್ನು ಒಂದೊಂದಾಗಿ ಕಿತ್ತು ಮೊರಕ್ಕೆ ಹಾಕಿದರು. ಆಮೇಲೆ ಇನ್ನೊಂದು ಕಡ್ಡಿ ಎತ್ತಿಕೊಂಡರು.