ಸಕ್ಕರೆ ಕಾಯಿಲೆಯವರಿಗೆ ಬರೆದ ಜಾಹೀರಾತು

ಚಾಮರಾಜನಗರದಲ್ಲಿ ನನ್ನದೊಂದು ಪುಟ್ಟ ಆಫೀಸಿದೆ. ವ್ಯಾಪಾರ ಮಾಡುವವರಿಗೆ ಮೊಬೈಲಿನಲ್ಲಿ ಕಾಣುವ ಜಾಹೀರಾತು ಹಾಕಿಕೊಡುವುದು ಕೆಲಸ. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಹೆಂಡತಿ ಹೇಳುವುದು ಸುಳ್ಳಲ್ಲ.

ಗುಂಡ್ಲುಪೇಟೆಯ ಅಕ್ಕ ಒಬ್ಬರು ರಾಗಿ, ನವಣೆ ಹುರಿದು ಹಿಟ್ಟು ಮಾಡಿಸಿ ಮಾರುತ್ತಿದ್ದರು. ಅವರ ಬೀದಿಯ ಮೂವರು ಹೆಂಗಸರು ಅವರಲ್ಲಿಗೇ ಕೆಲಸಕ್ಕೆ ಬರುತ್ತಿದ್ದರು. ಆರ್ಡರುಗಳೆಲ್ಲ ಹೆಚ್ಚುಕಡಿಮೆ ಜಾಹೀರಾತಿನಿಂದಲೇ ಬರುತ್ತಿದ್ದವು. ಒಂದು ಸಲ ಅವರೇ ಸಾಲು ಹೇಳಿ ಬರೆಸಿದರು: ‘ನಿಮಗೆ ಸಕ್ಕರೆ ಕಾಯಿಲೆ ಇದೆಯಾ? ಈ ಹಿಟ್ಟು ತಿನ್ನಿ, ವಾಸಿಯಾಗುತ್ತದೆ.’ ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರೂ ಶುಗರ್ ಎಷ್ಟಿದೆ ಎಂದು ವಿಚಾರಿಸುತ್ತಾರೆ, ಅದು ಅಕ್ಕರೆ. ನಾನೂ ಹಾಗೇ ಹಾಕಿದೆ.

ಜಾಹೀರಾತು ತೋರಿಸುವ ಕಂಪನಿಯವರು ಅದನ್ನು ತಿರಸ್ಕರಿಸಿದರು. ಕಾರಣ ಅಲ್ಲೇ ಇತ್ತು: ನೋಡುವವನಿಗೆ ಕಾಯಿಲೆ ಇದೆ ಎಂಬಂತೆ ಮಾತಾಡಿಸಬಾರದು, ವಾಸಿಮಾಡುವ ಭರವಸೆ ಕೊಡಬಾರದು. ಎರಡು ಸಾಲು ತಿದ್ದಿದ್ದರೆ ಮುಗಿಯುತ್ತಿತ್ತು. ನಾನು ಸಿಟ್ಟಿನಲ್ಲಿ ಅದನ್ನೇ ಮತ್ತೆ ಮತ್ತೆ ಕಳಿಸಿದೆ. ಅಕ್ಕನ ಹೆಸರಿನ ಜಾಹೀರಾತು ಖಾತೆಯನ್ನೇ ನಿರ್ಬಂಧಿಸಿದರು. ಆಗಲೂ ಬುದ್ಧಿ ಬರಲಿಲ್ಲ. ಹೆಂಡತಿಯ ಹೆಸರಲ್ಲಿ ಇನ್ನೊಂದು ಖಾತೆ ತೆರೆದು ಅದೇ ಜಾಹೀರಾತು ಹಾಕಿದೆ. ನಿರ್ಬಂಧ ತಪ್ಪಿಸಿಕೊಳ್ಳುವುದು ಮೊದಲಿನದಕ್ಕಿಂತ ದೊಡ್ಡ ತಪ್ಪು. ಆ ಖಾತೆಯೂ ಹೋಯಿತು, ಅಕ್ಕನ ಪೇಜಿನಿಂದ ಜಾಹೀರಾತು ಹಾಕುವುದೂ ನಿಂತಿತು.

ಮರುಪರಿಶೀಲನೆ ಕೇಳಲು ಅಕ್ಕನ ಗುರುತಿನ ಚೀಟಿ ಬೇಕಿತ್ತು. ಬಸ್ಸು ಹತ್ತಿ ಬಂದರು. ನಾನು ಬೈಗುಳದಂತೆ ಏನೋ ಟೈಪ್ ಮಾಡುತ್ತಿದ್ದುದನ್ನು ನೋಡಿ ತಡೆದರು.

“ಕ್ವಾಪ ಮಾಡ್ಕಬ್ಯಾಡ ಕಣಪ್ಪ. ಆಗಿರದ್ನ ಆಗಿರಂಗೇ ಬರಿ.”

ಅಳಿಸಿ, ಸಮಾಧಾನವಾಗಿ ಬರೆದೆ. ಯಾವ ಸಾಲು ತಪ್ಪು, ಈಗ ಹೇಗೆ ತಿದ್ದಿದ್ದೇವೆ, ಇನ್ನು ಮುಂದೆ ಹಿಟ್ಟಿನಲ್ಲಿ ಏನೇನಿದೆ ಎಂದಷ್ಟೇ ಹೇಳುತ್ತೇವೆ ಎಂದು. ಎರಡನೇ ಖಾತೆಯ ವಿಷಯವನ್ನೂ ಒಪ್ಪಿಕೊಳ್ಳಬೇಕಿತ್ತು. ಅದು ಅಕ್ಕನಿಗೆ ಗೊತ್ತಿರಲಿಲ್ಲ. ಪಕ್ಕದಲ್ಲೇ ಕೂತು ಒಂದೊಂದೇ ಅಕ್ಷರ ಓದುತ್ತಿದ್ದರು. ನನಗೆ ನಾಚಿಕೆಯಾಯಿತು, ಅದನ್ನು ಬರೆಯದೆ ಬಿಟ್ಟುಬಿಟ್ಟೆ. ಒಂದೇ ಸಲ ಕಳಿಸಿ ಕಾದೆವು.

ಎರಡು ದಿನಕ್ಕೆ ಉತ್ತರ ಬಂತು. ನಿಯಮ ತಪ್ಪಿಸಿಕೊಳ್ಳಲು ಯತ್ನಿಸಿದ್ದರಿಂದ ನಿರ್ಬಂಧ ಹಾಗೇ ಇರುತ್ತದೆ, ಇನ್ನು ಪರಿಶೀಲನೆ ಇಲ್ಲ. ಎರಡನೇ ಖಾತೆಯ ವಿಷಯ ಬರೆದಿದ್ದರೆ ಅಕ್ಕನ ಖಾತೆ ಉಳಿಯುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಅಕ್ಕನಿಗೆ ಫೋನ್ ಮಾಡಿ ಖಾತೆ ವಾಪಸ್ ಬರುವುದಿಲ್ಲ ಎಂದಷ್ಟೇ ಹೇಳಿದೆ, ಕಾರಣ ಹೇಳಲಿಲ್ಲ. ಆ ಮೂವರಿಗೆ ನಾಳೆಯಿಂದ ಬರಬೇಡಿ ಅನ್ನಬೇಕಲ್ಲ ಎಂದು ಅಕ್ಕ ಪೇಚಾಡಿದರು.

“ನಾನೇ ಆ ಮಾತ್ನ ಬರೆಸ್ಬುಟ್ಟೆ. ನನ್ನಿಂದ ನಿಂಗೂ ಕೆಟ್ಟೆಸ್ರು ಬಂತು. ತಪ್ಪಾಯ್ತು ಕಣಪ್ಪ.”

“ಇರ್ಲಿ ಬುಡಿ ಅಕ್ಕ,” ಎಂದೆ.