ಅತ್ತೆಯ ಅರ್ಜಿ ಹೋಯ್ತೋ ಇಲ್ವೋ

ನಮ್ಮತ್ತೆ ಸ್ಕೂಟರ್ ಕಲಿಯುತ್ತೇನೆ ಎಂದಾಗ ಅವರಿಗೆ ಐವತ್ತು ದಾಟಿತ್ತು. ಗುತ್ತೂರಿನಲ್ಲಿ ಮನೆ ಹಿಂದಿನ ತುಂಡು ಜಮೀನಿನಲ್ಲಿ ಸೇವಂತಿಗೆ, ಕನಕಾಂಬರ ಬೆಳೆದು, ಬೆಳಗಾಗುತ್ತಲೇ ಬುಟ್ಟಿ ಹೊತ್ತು ಹರಿಹರದ ಮಾರ್ಕೆಟ್ಟಿಗೆ ಹೋಗುತ್ತಿದ್ದರು. ಆಟೋ ತುಂಬುವವರೆಗೆ ಕಾಯಬೇಕು, ಅಷ್ಟರಲ್ಲಿ ಹೂವು ಬಾಡುತ್ತದೆ. ನಾನು ಮದುವೆಯಾಗಿ ಬರುವಾಗಲೇ ಲೈಸೆನ್ಸ್ ತಂದವಳು; ಹರಿಹರದ ಹೊಲಿಗೆ ಅಂಗಡಿಗೆ ನನ್ನ ಸ್ಕೂಟರಿನಲ್ಲೇ ಹೋಗಿಬರುತ್ತಿದ್ದೆ. ಅದನ್ನು ದಿನಾ ನೋಡಿ ನೋಡಿ ಒಂದು ಸಂಜೆ ಅವರು, "ನನಗೂ ಕಲಿಸು ನಮ್ಮವ್ವಾ. ಸೈಕಲ್ ಹೊಡದಾಕಿ ನಾನು, ಬ್ಯಾಲೆನ್ಸ್ ಐತೆ" ಎಂದರು.

ಶಾಲೆಯ ಮೈದಾನದಲ್ಲಿ ಕಲಿಸಿದೆ. ಸೀರೆ ಎತ್ತಿ ಕಟ್ಟಿ, ಎರಡೂ ಕಾಲು ನೆಲಕ್ಕೆ ಉಜ್ಜುತ್ತಾ, "ಹೊಯ್ ಹೊಯ್" ಎಂದು ಸ್ಕೂಟರಿಗೇ ಎಚ್ಚರಿಕೆ ಕೊಡುತ್ತಾ ಓಡಿಸುತ್ತಿದ್ದರು. ಗೋಡೆಯ ಮೇಲೆ ಕೂತ ಹೆಂಗಸರು ನಗುತ್ತಿದ್ದರು. ಅತ್ತೆ ಅವರಿಗಿಂತ ಜೋರಾಗಿ ನಗುತ್ತಿದ್ದರು. ಮೈದಾನದಿಂದ ರಸ್ತೆಗೆ ಇಳಿಯುವ ಮಾತು ಬಂದಾಗ ಮಾತ್ರ, ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಅಡ್ಡ ನಿಂತರು. "ಎಲ್ ಬೋರ್ಡ್ ಇಲ್ದೆ ರೋಡಿಗೆ ಬ್ಯಾಡ. ಮೊದ್ಲು ಕಲಿಕಾ ಲೈಸೆನ್ಸ್ ಮಾಡ್ಸು."

ನಲವತ್ತು ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕು ಎಂದು ಗೊತ್ತಾಯಿತು. ಹರಿಹರದ ಡಾಕ್ಟರರು ಗೋಡೆಯ ಅಕ್ಷರ ಓದಿಸಿದರೆ, ಅತ್ತೆ ಕೊನೆಯ ಸಾಲು ಓದಿ ಮುಗಿಸಿ, ಅದರ ಕೆಳಗೆ ಸಣ್ಣದಾಗಿ ಅಚ್ಚಾಗಿದ್ದ ಪ್ರೆಸ್ಸಿನ ಹೆಸರನ್ನೂ ಓದಿದರು. ಡಾಕ್ಟರರು ನಗುತ್ತಾ ಸಹಿ ಹಾಕಿದರು.

ಅರ್ಜಿ ತುಂಬಿದ್ದು ಒಂದು ಭಾನುವಾರ ಮಧ್ಯಾಹ್ನ, ಅತ್ತೆಯ ಮೊಬೈಲಿನಲ್ಲೇ. ಸಾರಿಗೆ ಇಲಾಖೆಯ ವೆಬ್‌ಸೈಟ್ ತೆರೆದು, ಅವರ ನಂಬರಿಗೆ ಬಂದ ಓಟಿಪಿ ಹಾಕಿ, ಹೆಸರು, ಗಂಡನ ಹೆಸರು, ವಿಳಾಸ, ರಕ್ತದ ಗುಂಪು ಎಲ್ಲವನ್ನೂ ನಾನೇ ಟೈಪು ಮಾಡಿದೆ. ಹುಟ್ಟಿದ ದಿನ ಆಧಾರಿನಲ್ಲಿ ಇದ್ದದ್ದನ್ನೇ ಹಾಕಿದೆ. ಅತ್ತೆ ಪಕ್ಕದಲ್ಲಿ ಕೂತು ಪ್ರತಿಯೊಂದಕ್ಕೂ "ಹೂಂ, ಸರಿ ಐತೆ" ಎನ್ನುತ್ತಿದ್ದರು. ಗೇರ್ ಇಲ್ಲದ ದ್ವಿಚಕ್ರ ವಾಹನ ಎಂಬುದನ್ನು ಆರಿಸಿದಾಗ, "ಗೇರ್ ಇರೋದೂ ಒತ್ತು, ಇರ್ಲಿ" ಎಂದರು. ಒತ್ತಲಿಲ್ಲ. ಕೊನೆಗೆ ಸಬ್ಮಿಟ್ ಒತ್ತಿದೆ.

ಪುಟದ ಮೇಲೆ ಚಕ್ರ ತಿರುಗತೊಡಗಿತು. ಅದೇ ಹೊತ್ತಿಗೆ ಗಾಳಿ ಎದ್ದು, ಕರೆಂಟ್ ಹೋಯಿತು. ಮೊಬೈಲಿನ ಮೂಲೆಯಲ್ಲಿ ನಿಂತಿದ್ದ ಸಿಗ್ನಲ್ ಗೆರೆಗಳು ಒಂದೊಂದಾಗಿ ಕುಸಿದು, ಕೊನೆಯದೂ ಹೋಯಿತು. ಚಕ್ರ ಇನ್ನೂ ಸ್ವಲ್ಪ ತಿರುಗಿ, ಪುಟ ಬೆಳ್ಳಗಾಯಿತು. ಇಂಟರ್ನೆಟ್ ಇಲ್ಲ ಎಂಬ ಒಂದು ಸಾಲು.

"ಹೋಯ್ತಾ?" ಎಂದರು ಅತ್ತೆ.

"ಗೊತ್ತಿಲ್ಲ ಅತ್ತೀ."

"ಗೊತ್ತಿಲ್ಲ ಅಂದ್ರೆ? ಡಬ್ಬಿಗೆ ಹಾಕಿದ ಕಾಗದ, ಬಿತ್ತೋ ಇಲ್ವೋ ಗೊತ್ತಾಗ್ಬಾರ್ದಾ?"

ನನಗೆ ನಿಜಕ್ಕೂ ಗೊತ್ತಿರಲಿಲ್ಲ. ನಾವು ಕಳಿಸಿದ್ದು ಅಲ್ಲಿ ಮುಟ್ಟುವ ಮೊದಲೇ ನೆಟ್‌ವರ್ಕ್ ಹೋಗಿರಬಹುದು. ಮುಟ್ಟಿ, ಅಲ್ಲಿಂದ ಉತ್ತರ ವಾಪಸ್ ಬರುವಾಗ ಹೋಗಿರಬಹುದು. ಎರಡಕ್ಕೂ ಇಲ್ಲಿ ಕಾಣುವುದು ಒಂದೇ ಬಿಳಿ ಪುಟ. ನನ್ನ ಗಂಡ ಬಂದು ನೋಡಿ, "ರಿಫ್ರೆಶ್ ಒತ್ತು" ಎಂದರು. ಒತ್ತಲು ಹೋದರೆ, ಈ ಮಾಹಿತಿಯನ್ನು ಮತ್ತೊಮ್ಮೆ ಕಳಿಸಬೇಕೇ ಎಂದು ಮೊಬೈಲೇ ಕೇಳಿತು. ನಾನು ಬೇಡ ಎಂದೆ.

"ಹೋಗಿಲ್ಲ ಅಂದ್ರೆ ಇನ್ನೊಂದು ತುಂಬೋದು. ಅದ್ಕೇನು?" ಎಂದರು ಅವರು.

"ಮೊದ್ಲಿಂದು ಹೋಗಿದ್ರೆ ಎರಡು ನಂಬರ್ ಆಗ್ತಾವೆ ರೀ. ಫೀಸು ಒಂದಕ್ಕೆ ಕಟ್ಟಿ, ಕಾಗದ ಇನ್ನೊಂದಕ್ಕೆ ಹಾಕಿ, ಆಮೇಲೆ ಆಫೀಸಲ್ಲಿ ಯಾವ್ದು ಖರೆ ಅಂತ ಹೇಳ್ಕಂತ ನಿಲ್ಬೇಕು. ಮೊದ್ಲು ನೋಡಾನ."

ಮೂವರೂ ಮಾಳಿಗೆ ಹತ್ತಿದೆವು. ನೀರಿನ ಟ್ಯಾಂಕಿನ ಪಕ್ಕ, ತೆಂಗಿನ ಗರಿ ತಾಗುವ ಮೂಲೆಯಲ್ಲಿ ಎರಡು ಗೆರೆ ಬಂದವು. ಒಂದು ಹೆಜ್ಜೆ ಆಚೆ ಹೋದರೆ ಇಲ್ಲ. ಮೆಸೇಜು ನೋಡಿದೆ. ಅರ್ಜಿ ಸೇರಿದ್ದರೆ ಅರ್ಜಿ ಸಂಖ್ಯೆಯ ಮೆಸೇಜು ಬರಬೇಕು, ಬಂದಿರಲಿಲ್ಲ. ಆದರೆ ಬಂದಿಲ್ಲವೆಂದರೆ ಸೇರಿಲ್ಲವೆಂದು ಅರ್ಥವಲ್ಲ, ಈ ಗಾಳಿಯಲ್ಲಿ ಮೆಸೇಜೂ ಎಲ್ಲೋ ಸಿಕ್ಕಿಕೊಂಡಿರಬಹುದು. ಅದೇ ವೆಬ್‌ಸೈಟಿನಲ್ಲಿ ಅರ್ಜಿ ಸಂಖ್ಯೆ ಹುಡುಕುವ ಜಾಗ ಇದೆ; ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್ ಕೊಟ್ಟರೆ ತೋರಿಸುತ್ತದೆ. ಅದನ್ನು ತೆರೆದು, ಹಿಡಿದುಕೊಳ್ಳಿ ಎಂದು ಗಂಡನ ಕೈಗೆ ಕೊಟ್ಟೆ. ಒಲೆಯ ಮೇಲೆ ಹಾಲು ಇಟ್ಟಿದ್ದು ನೆನಪಾಗಿತ್ತು.

ಹಾಲು ಇಳಿಸಿ ವಾಪಸ್ ಬರುವಷ್ಟರಲ್ಲಿ ಅವರೇ ಎಲ್ಲ ತುಂಬಿ ಒತ್ತಿದ್ದರು. ದಾಖಲೆ ಸಿಗಲಿಲ್ಲ ಎಂದು ಬಂದಿತ್ತಂತೆ. ಅಷ್ಟಕ್ಕೆ ಸುಮ್ಮನಿರದೆ, ದಾವಣಗೆರೆಯಲ್ಲಿ ಬಟ್ಟೆ ಅಂಗಡಿಯಲ್ಲಿರುವ ತಮ್ಮನಿಗೆ, ಅಂದರೆ ನನ್ನ ಮೈದುನನಿಗೆ, ತಮ್ಮದೇ ಮೊಬೈಲಿನಿಂದ ಫೋನೂ ಮಾಡಿಬಿಟ್ಟಿದ್ದರು. "ಅವ್ವನ ಅರ್ಜಿ ಹೋಗಿಲ್ಲಂತೆ, ಅಲ್ಲಿ ನೆಟ್‌ವರ್ಕ್ ಚಲೋ ಐತೆ, ನೀನೇ ಹೊಸದಾಗಿ ತುಂಬು ಅಂತ ಹೇಳೀನಿ" ಎಂದರು, ದೊಡ್ಡ ಕೆಲಸ ಮುಗಿಸಿದವರ ಹಾಗೆ. ಆಧಾರ್ ಫೋಟೋ ಅವನ ಹತ್ತಿರ ಮೊದಲೇ ಇತ್ತು.

ನಾನು ಅತ್ತೆಯ ಮೊಬೈಲ್ ತೆಗೆದುಕೊಂಡು ಅವರು ತುಂಬಿದ್ದನ್ನು ನೋಡಿದೆ. ಹೆಸರು ಸರಿ. ನಂಬರು ಸರಿ. ಹುಟ್ಟಿದ ದಿನ ಬೇರೆ, ಆಗಸ್ಟಿನ ಯಾವುದೋ ತಾರೀಖು.

"ಇದ್ಯಾವ ತಾರೀಖು ರೀ?"

"ಅವ್ವನೇ ಹೇಳಿದ್ಲು."

"ಖರೇನೇ ಹೇಳೀನಿ" ಎಂದರು ಅತ್ತೆ. "ನಾನು ಹುಟ್ಟಿದ್ದು ಶ್ರಾವಣದಾಗೆ. ನಮ್ಮವ್ವ ಹೇಳಾಕಿ. ಆಧಾರದಾಗೆ ಜನವರಿ ಒಂದು ಅಂತ ಅವ್ರೇ ಬರ್ಕಂಡಾರೆ. ನಾನೇನು ಕ್ಯಾಲೆಂಡರ್ ಜೊತಿಗೆ ಹುಟ್ಟೀನಾ?"

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ದಿನವನ್ನು ಆಧಾರಿನಂತೆ ತಿದ್ದಿ ಮತ್ತೆ ಒತ್ತಿದೆ. ಚಕ್ರ ತಿರುಗಿತು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡು ಸ್ಕ್ರೀನಿಗೇ ಬಗ್ಗಿದ್ದರು. ಉದ್ದನೆಯ ಒಂದು ಸಂಖ್ಯೆ ಬಂತು, ಅದರ ಪಕ್ಕದಲ್ಲಿ ಅತ್ತೆಯ ಹೆಸರು, ಇವತ್ತಿನದೇ ತಾರೀಖು.

"ಹೋಗೈತೆ ಅತ್ತೀ! ಹೋಗಿ ಕುಂತೈತೆ ಅಲ್ಲಿ!"

ಮೊದಲು ಸ್ಕ್ರೀನಿನ ಫೋಟೋ ತೆಗೆದಿಟ್ಟೆ. ಆಮೇಲೆ ಮೈದುನ ನೆನಪಾದ. ಅವನೀಗ ದಾವಣಗೆರೆಯಲ್ಲಿ ಕೂತು ಎರಡನೆಯ ಅರ್ಜಿ ತುಂಬುತ್ತಿದ್ದಾನೆ. ಗಂಡನ ಮೊಬೈಲಿನಿಂದ ಫೋನ್ ಮಾಡಿದರೆ ಹತ್ತುತ್ತಿಲ್ಲ. ನನ್ನದರಿಂದ ಮಾಡಿದರೆ ಎರಡು ಸಲ ಗುಂಯ್ ಎಂದು ಕಡಿದುಹೋಯಿತು. ಗಂಡ ಮೊಬೈಲನ್ನು ಆಕಾಶಕ್ಕೆ ಎತ್ತಿ ಹಿಡಿದು ಮಾಳಿಗೆಯ ತುಂಬ ಸುತ್ತಿದರು. "ಈಗಷ್ಟೇ ಹತ್ತಿತ್ತಲ್ಲ!" ಎಂದು ಅದಕ್ಕೇ ಬೈದರು.

ಅಷ್ಟರಲ್ಲಿ ಅತ್ತೆಯ ಕೈಯಲ್ಲಿದ್ದ ಮೊಬೈಲು ಟಿಂಗ್ ಎಂದಿತು. ಹಿಂದೆಯೇ ಇನ್ನೊಂದು ಸಲ ಟಿಂಗ್. ಅದರ ಬೆನ್ನಿಗೇ ಫೋನು ಬಡಿದುಕೊಂಡಿತು. ಮೈದುನನೇ. ಅತ್ತೆ ಸ್ಪೀಕರ್ ಹಾಕಿದರು.

"ಅವ್ವಾ, ನಿನ್ನ ಮೊಬೈಲಿಗೆ ಒಂದು ಓಟಿಪಿ ಬಂದೈತೆ ನೋಡು. ಲಗೂನ ಹೇಳು, ಟೈಮ್ ಮುಗೀತೈತೆ."

ಅತ್ತೆಗೆ ಓಟಿಪಿ ಹೇಳುವುದೆಂದರೆ ಉತ್ಸಾಹ. ಕನ್ನಡಕ ಮೇಲೇರಿಸಿ, "ಹಾಂ, ಬಂದೈತೆ, ಬರ್ಕ. ನಾಲ್ಕು..." ಎಂದು ಶುರು ಮಾಡೇಬಿಟ್ಟರು.

ನಾನು ಓಡಿಹೋಗಿ ಅವರ ಬಾಯಿಗೇ ಕೈ ಅಡ್ಡ ಹಿಡಿದೆ. ಸೊಸೆ ಅತ್ತೆಯ ಬಾಯಿ ಮುಚ್ಚಿದ್ದನ್ನು ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಎತ್ತುತ್ತಿದ್ದ ಅಜ್ಜಿ ಕಣ್ಣರಳಿಸಿ ನೋಡಿದರು.

"ಬ್ಯಾಡ, ತುಂಬಬ್ಯಾಡ!" ಎಂದು ಕೂಗಿದೆ. "ಮೊದ್ಲಿಂದು ಹೋಗೈತೆ. ನಂಬರು ಸಿಕ್ತು. ನೀನು ಬಂದ್ ಮಾಡು ಅದನ್ನ."

"ಹೋಗೈತಾ? ಅಣ್ಣ ಹೋಗಿಲ್ಲ ಅಂದ."

"ನಿಮ್ಮಣ್ಣ ತಪ್ಪು ತಾರೀಖು ಹಾಕಿ ಹುಡುಕಿದ್ರು."

"ಸರಿ ಬಿಡ್ರಿ ಅತ್ಗೆ. ಇನ್ನೂ ಶುರುನೇ ಆಗಿಲ್ಲ, ಓಟಿಪಿ ಹಾಕಿದ್ರೇ ಮುಂದಿನ ಪುಟ ಬರೋದು. ಮುಚ್ಚಿದೆ ನೋಡ್ರಿ" ಎಂದು ಅವನೂ ನಕ್ಕ.

ಬಂದಿದ್ದ ಎರಡು ಮೆಸೇಜಿನಲ್ಲಿ ಒಂದು ಅವನ ಓಟಿಪಿ. ಇನ್ನೊಂದು, ದಾರಿಯಲ್ಲಿ ಎಲ್ಲೋ ನಿಂತಿದ್ದ ನಮ್ಮ ಅರ್ಜಿ ಸಂಖ್ಯೆ. ಪುಟದಲ್ಲಿ ಕಂಡ ಸಂಖ್ಯೆಯ ಜೊತೆ ಒಂದೊಂದೇ ಅಂಕಿ ಹೊಂದಿಸಿ ನೋಡಿದೆವು. ನಾನು ಓದಿದೆ, ಅತ್ತೆ "ಹೂಂ" ಎಂದರು. ಕೊನೆಯ ಅಂಕಿಯೂ ಸರಿಯಾದಾಗ ಅತ್ತೆ ಪಕ್ಕದ ಮಾಳಿಗೆಗೆ ಕೂಗಿ ಹೇಳಿದರು: "ನಂದು ಮುಟ್ಟೈತೆ ನೋಡಬೇ!" ಏನು ಮುಟ್ಟಿತೆಂದು ಆ ಅಜ್ಜಿಗೆ ತಿಳಿಯಲಿಲ್ಲ, ಆದರೂ ಒಂದು ಹಸಿ ಹಪ್ಪಳ ಕೊಟ್ಟರು.

ಮರುದಿನ ಹರಿಹರದಲ್ಲಿ, ನನ್ನ ಹೊಲಿಗೆ ಅಂಗಡಿಯಲ್ಲೇ ಕೂತು ಕಾಗದಗಳನ್ನು ಅಪ್‌ಲೋಡ್ ಮಾಡಿ ಫೀಸು ಕಟ್ಟಿದೆ. ಬ್ಯಾಂಕಿನಿಂದ ಹಣ ಕಡಿತವಾದ ಮೆಸೇಜು ಬಂತು. ವೆಬ್‌ಸೈಟ್ ಮಾತ್ರ ಮತ್ತೆ ಬೆಳ್ಳಗೆ. ಪಕ್ಕದ ಹೊಲಿಗೆ ಮಿಶಿನ್ನಿನವಳು, "ಇನ್ನೊಂದ್ಸಲ ಕಟ್ಟಕ್ಕಾ, ಮೊದ್ಲಿಂದು ವಾಪಸ್ ಬರ್ತೈತೆ" ಎಂದಳು. ನಾನು ಕಟ್ಟಲಿಲ್ಲ. ಪಾವತಿಯ ಸ್ಥಿತಿ ಪರಿಶೀಲಿಸುವ ಜಾಗದಲ್ಲಿ ಅದೇ ಅರ್ಜಿ ಸಂಖ್ಯೆ ಹಾಕಿದೆ. ಇನ್ನೂ ಬಾಕಿ ಎಂದು ತೋರಿಸಿತು. ಒಂದು ರವಿಕೆಗೆ ಹುಕ್ಕು ಹಚ್ಚಿ ಮುಗಿಸಿ ಮತ್ತೆ ನೋಡಿದೆ. ಯಶಸ್ವಿ ಎಂದು ಬಂದು, ರಸೀದಿಯೂ ತೆರೆಯಿತು. ಅದನ್ನು ಇಳಿಸಿಕೊಂಡು ಮೈದುನನಿಗೂ ಕಳಿಸಿದೆ, ಅವನು ಮತ್ತೆ ಸಹಾಯಕ್ಕೆ ನಿಲ್ಲದಿರಲಿ ಎಂದು.

ಕಲಿಕಾ ಲೈಸೆನ್ಸಿನ ಪರೀಕ್ಷೆಗೆ ದಾವಣಗೆರೆಯ ಆರ್‌ಟಿಓ ಆಫೀಸಿಗೇ ಹೋಗುವಂತೆ ದಿನ ಗೊತ್ತುಮಾಡಿದ್ದೆ. ಮನೆಯಿಂದಲೇ ಆನ್‌ಲೈನಿನಲ್ಲೂ ಬರೆಯಬಹುದಿತ್ತು, ಆದರೆ ಮನೆಯ ನೆಟ್‌ವರ್ಕ್ ನಂಬಿ ಅತ್ತೆಯನ್ನು ಪರೀಕ್ಷೆಗೆ ಕೂರಿಸುವ ಧೈರ್ಯ ನನಗಿರಲಿಲ್ಲ. ಅವರು ಹೊಸ ಇಳಕಲ್ ಸೀರೆ ಉಟ್ಟು, ಸಾಲಿನಲ್ಲಿ ಕಾಲೇಜು ಹುಡುಗಿಯರ ನಡುವೆ ನಿಂತು, ರಸ್ತೆಯ ಚಿಹ್ನೆಗಳನ್ನು ಅವರಿಗೇ ಕೇಳುತ್ತಿದ್ದರು. ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬಂದವರು ಮುಖ ಗಂಭೀರ ಮಾಡಿಕೊಂಡಿದ್ದರು.

"ಏನಾಯ್ತು ಅತ್ತೀ?"

"ಪಾಸು" ಎಂದವರೇ, ನಗು ತಡೆಯಲಾರದೆ ನನ್ನ ಭುಜಕ್ಕೆ ತಲೆ ಇಟ್ಟು ನಕ್ಕರು. "ನಿಂಗೊಂದೀಟು ಅಂಜಿಸೋಣ ಅಂತ."

ಅಲ್ಲೇ ಬೆಣ್ಣೆದೋಸೆ ತಿಂದೆವು. ಇನ್ನೊಂದು ತಿನ್ನಿ ಎಂದರೆ, "ಬ್ಯಾಡ, ಸ್ಕೂಟರ್ ಭಾರ ಆಗ್ತೈತೆ" ಎಂದರು. ಆಮೇಲೆ ಅದನ್ನೂ ತಿಂದರು.

ಅದೇ ವಾರ, ಮುಂದೆ ಹಿಂದೆ ಕೆಂಪು ಎಲ್ ಅಂಟಿಸಿ, ಹೆಲ್ಮೆಟ್ ಹಾಕಿಕೊಂಡು ಅತ್ತೆ ಮೊದಲ ಸಲ ಹರಿಹರದ ರಸ್ತೆಗೆ ಇಳಿದರು. ನಾನು ಹಿಂದೆ ಕೂತಿದ್ದೆ, ತೊಡೆಯ ಮೇಲೆ ಹೂವಿನ ಬುಟ್ಟಿ. ಬೆಳಗಿನ ಶಿಫ್ಟಿಗೆ ಹೋಗುವ ಸೈಕಲ್ಲುಗಳು ನಮ್ಮನ್ನು ದಾಟಿ ಮುಂದೆ ಹೋದವು. ಒಂದು ಎತ್ತಿನ ಗಾಡಿ ಮಾತ್ರ ನಮ್ಮ ಮುಂದೆ ನಿಧಾನಕ್ಕೆ ಸಾಗುತ್ತಿತ್ತು. ಅತ್ತೆ ಬಹಳ ಹೊತ್ತು ಅದರ ಹಿಂದೆಯೇ ಓಡಿಸಿದರು. ಆಮೇಲೆ ಕನ್ನಡಿ ನೋಡಿ, ಹಾರ್ನ್ ಒತ್ತಿ, ಬಲಕ್ಕೆ ಸರಿದು ಅದನ್ನು ದಾಟಿದರು.

"ದಾಟಿದ್ನಲ್ಲೇ!" ಎಂದು ಗಾಳಿಗೆ ಕೂಗಿದರು. ಗಾಡಿಯವನು ಚಾವಟಿ ಎತ್ತಿ ನಕ್ಕ. ನಾನು ಬುಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಅಪ್ಪಿಕೊಂಡು, "ಮುಂದೆ ನೋಡ್ರಿ ಅತ್ತೀ, ಮುಂದೆ!" ಎಂದು ಕೂಗುತ್ತಾ, ಅವರ ಜೊತೆಗೇ ನಗುತ್ತಿದ್ದೆ.