ಶಾರದಕ್ಕ ಕೊಟ್ಟ ಸುಳ್ಳು ಔಟು

ಕುಮಟೆಯಲ್ಲೊಂದು ಫ್ರಿಜ್ ರಿಪೇರಿ ಮುಗಿಸಿ ಭಟ್ಕಳಕ್ಕೆ ವಾಪಸ್ ಬರುವಾಗ ಹೊನ್ನಾವರದಲ್ಲಿ ಇಳಿದು, ಬಾಲ್ಯದ ಗೆಳೆಯ ಗಣಪತಿಯ ಮನೆಗೆ ಹೋದೆ. ಅವನ ಅಕ್ಕ ಶಾರದಾ ತೀರಿಕೊಂಡು ವಾರವಾಗಿತ್ತು.

ಜಗಲಿಯಲ್ಲಿ ಯಾರೋ ಹಿರಿಯರೊಬ್ಬರು ಮೊದಲೇ ಬಂದು ಸಾಂತ್ವನ ಹೇಳುತ್ತಿದ್ದರು. ಅಂದರೆ ವಿಚಾರಣೆ ನಡೆಸುತ್ತಿದ್ದರು. "ಎಂತ ಆಗಿತ್ತು? ಯಾವ ಡಾಕ್ಟರು? ಮೊದಲೇ ಮಂಗಳೂರಿಗೆ ಕರ್ಕೊಂಡು ಹೋಗ್ಬೇಕಿತ್ತು ಮಾರಾಯ!" ಮನುಷ್ಯ ಬೂದಿಯಾದ ಮೇಲೆ ಇಷ್ಟು ಒಳ್ಳೆಯ ವೈದ್ಯಕೀಯ ಸಲಹೆ ಪುಕ್ಕಟೆ ಸಿಗುವುದು ನಮ್ಮ ಕಡೆ ಮಾತ್ರ. ಗಣಪತಿ ಬಸ್‌ಸ್ಟ್ಯಾಂಡಿನ ಮೈಕಿನ ಹಾಗೆ ಒಂದೇ ಸ್ವರದಲ್ಲಿ ಉತ್ತರ ಒಪ್ಪಿಸುತ್ತಿದ್ದ.

ನನಗೆ ಸಮಾಧಾನದ ಮಾತು ಬರುವುದಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ: "ಸಣ್ಣವರಿದ್ದಾಗ ಲಗೋರಿಯಲ್ಲಿ ಶಾರದಕ್ಕ ನನಗೆ ಕೊಟ್ಟ ಔಟು ಸುಳ್ಳು. ಚೆಂಡು ನನಗೆ ತಾಗಿರ್ಲೇ ಇಲ್ಲ."

ಹಿರಿಯರು ನನ್ನನ್ನು ಅಂಗಳಕ್ಕೆ ದಬ್ಬುವವರ ಹಾಗೆ ನೋಡಿದರು. ಗಣಪತಿ ತಲೆಯೆತ್ತಿದ.

"ಗೊತ್ತುಂಟು. ನಾನು ಸೋತ್ರೆ ಅಳ್ತೇನೆ ಅಂತ ಹಾಗೆ ಮಾಡಿದ್ದು. ಯಾರಿಗೂ ಹೇಳ್ಬೇಡ ಅಂದಿದ್ಲು."

ಹೇಳುತ್ತಾ ನಕ್ಕ. ನಗುತ್ತಲೇ ಅಳು ಬಂತು, ತಡೆಯಲಿಲ್ಲ.

ಸಾವಿನ ಮನೆಯಿಂದ ಹೊರಡುವಾಗ 'ಬರ್ತೇನೆ' ಎನ್ನಬಾರದು ಎಂದು ನಮ್ಮಲ್ಲಿ ರೂಢಿ. ಬಾಯಿ ಮುಚ್ಚಿ ಚಪ್ಪಲಿ ಮೆಟ್ಟಿದೆ. ಗಣಪತಿಯೇ ಹಿಂದಿನಿಂದ ಕೂಗಿದ: "ಏ, ಮತ್ತೆ ಬಾ. ಅವಳು ನಿನಗೆ ಮಾಡಿದ ಮೋಸ ಇನ್ನೂ ಸುಮಾರು ಉಂಟು!"

"ಆತು, ಬರ್ತೇನೆ" ಎಂದೆ.

ಹಿರಿಯರು ಎದೆ ಹಿಡಿದುಕೊಂಡರು. ಅವರನ್ನಾದರೂ ಮೊದಲೇ ಮಂಗಳೂರಿಗೆ ಕರೆದುಕೊಂಡು ಹೋಗುವುದು ಒಳ್ಳೆಯದು.